ಅಳಿಸಲು 2 ಸೆಕೆಂಡ್, ಮರಳಿ ತರಲು 18 ಗಂಟೆ

2017ರ ಫೆಬ್ರವರಿ 1, ಬುಧವಾರ. ನಮ್ಮಲ್ಲಿ ಬೆಳಗಿನ ಜಾವ 5 ಗಂಟೆಯ ಆಸುಪಾಸು. ಗಿಟ್‌ಲ್ಯಾಬ್ ಎಂಬ ಕಂಪನಿಯ ಎಂಜಿನಿಯರ್ ಒಬ್ಬರು ತಮ್ಮ ಊರಿನ ರಾತ್ರಿಯಲ್ಲಿ, ಕೆಲಸ ಮುಗಿಸಿ ಏಳಬೇಕಿದ್ದ ಹೊತ್ತು ಮೀರಿದ ಮೇಲೆ, ಒಂದು ಫೋಲ್ಡರ್ ಅಳಿಸುವ ಕಮಾಂಡ್ ಕೊಟ್ಟರು. ಒಂದೆರಡು ಸೆಕೆಂಡಿನಲ್ಲೇ ಏನೋ ತಪ್ಪಾಗಿದೆ ಎಂದು ಹೊಳೆಯಿತು, ತಕ್ಷಣ ನಿಲ್ಲಿಸಿದರು. ಅಷ್ಟರೊಳಗೆ ಸುಮಾರು 300 ಜಿಬಿ ಇದ್ದ ಡೇಟಾಬೇಸ್‌ನಲ್ಲಿ ಉಳಿದದ್ದು 4.5 ಜಿಬಿ. ಅಳಿದದ್ದು ಪ್ರಯೋಗಕ್ಕೆ ಇಟ್ಟುಕೊಂಡಿದ್ದ ಡೇಟಾಬೇಸ್ ಅಲ್ಲ. ಜನ ಆ ಕ್ಷಣದಲ್ಲಿ ಬಳಸುತ್ತಿದ್ದದ್ದು, ನಾವು ಈ ಉದ್ಯೋಗದಲ್ಲಿರುವವರು 'ಪ್ರೊಡಕ್ಷನ್' ಎನ್ನುವುದು.

ಪ್ರೋಗ್ರಾಮ್ ಬರೆಯುವವರು ತಮ್ಮ ಕೋಡ್ ಇಟ್ಟುಕೊಳ್ಳುವ, ಅದರ ಬಗ್ಗೆ ಪರಸ್ಪರ ಚರ್ಚಿಸುವ ಜಾಗ ಗಿಟ್‌ಲ್ಯಾಬ್. ಕೋಡ್ ಬೇರೆ ಕಡೆ ಇತ್ತು, ಅದಕ್ಕೇನೂ ಆಗಲಿಲ್ಲ. ಹೋದದ್ದು ಡೇಟಾಬೇಸ್: ಯಾರು ಬಳಕೆದಾರರು, ಯಾವ ಪ್ರಾಜೆಕ್ಟ್ ಯಾರದ್ದು, ಯಾರು ಯಾರಿಗೆ ಏನು ಬರೆದರು ಎಂಬ ದಾಖಲೆಗಳೆಲ್ಲ. ಸೈಟ್ ಮತ್ತೆ ತೆರೆದದ್ದು ನಮ್ಮ ಗಡಿಯಾರದಲ್ಲಿ ಅದೇ ದಿನ ರಾತ್ರಿ 11.44ಕ್ಕೆ. ಅಂದರೆ ಬೆಂಗಳೂರಿನಲ್ಲಿ ಅದನ್ನು ನೆಚ್ಚಿ ಕೆಲಸ ಮಾಡುತ್ತಿದ್ದವರಿಗೆ ಇಡೀ ಕೆಲಸದ ದಿನ ಬಾಗಿಲು ಮುಚ್ಚಿತ್ತು.

ಇಂಥ ಅನಾಹುತ ಅನೇಕ ಕಂಪನಿಗಳಲ್ಲಿ ಆಗಿದೆ, ಆಗುತ್ತಲೂ ಇದೆ. ಹೆಚ್ಚಿನವು ಒಳಗೊಳಗೇ ಮುಚ್ಚಿಹೋಗುತ್ತವೆ. ಗಿಟ್‌ಲ್ಯಾಬ್ ಹಾಗೆ ಮಾಡಲಿಲ್ಲ. ದುರಸ್ತಿ ನಡೆಯುತ್ತಿರುವಾಗಲೇ ತಮ್ಮ ಟಿಪ್ಪಣಿಗಳನ್ನು ಎಲ್ಲರಿಗೂ ಕಾಣುವಂತೆ ತೆರೆದಿಟ್ಟರು, ಯೂಟ್ಯೂಬ್‌ನಲ್ಲಿ ನೇರಪ್ರಸಾರ ಮಾಡಿದರು, ಹತ್ತು ದಿನಗಳಲ್ಲಿ ಪೂರ್ತಿ ವರದಿ ಹೊರತಂದರು. ಆ ವರದಿಯಲ್ಲಿ ಅಳಿಸಿದ ಎಂಜಿನಿಯರ್‌ಗೆ ಹೆಸರಿಲ್ಲ, 'ಟೀಮ್ ಮೆಂಬರ್ 1' ಅಷ್ಟೆ. ನಾನು ಡೇಟಾಬೇಸ್ ಕೆಲಸದಲ್ಲೇ ಇರುವವನು. ಈ ವೃತ್ತಿಗೆ ಕಾಲಿಡುವ ಹುಡುಗ ಹುಡುಗಿಯರಿಗೆ ಒಂದೇ ಒಂದು ದಾಖಲೆ ಓದಿಸಬೇಕೆಂದರೆ ಇದನ್ನೇ ಓದಿಸುತ್ತೇನೆ.

ಆ ರಾತ್ರಿ ಆದದ್ದೇನು ಎಂಬುದನ್ನು ನಮ್ಮ ಹಳೆಯ ಅಂಗಡಿ ಲೆಕ್ಕದ ಪುಸ್ತಕಗಳ ಮೂಲಕ ಹೇಳುವುದು ಸುಲಭ. ಅಂಗಡಿಯಲ್ಲಿ ವ್ಯವಹಾರ ನಡೆದಂತೆಲ್ಲ ಮೊದಲು ಕಿರ್ದಿ ಪುಸ್ತಕದಲ್ಲಿ ಒಂದರ ಕೆಳಗೊಂದು ಬರೆದುಕೊಳ್ಳುತ್ತಾರೆ. ಆಮೇಲೆ ಅದನ್ನು ಖಾತೆ ಪುಸ್ತಕದಲ್ಲಿ ಅವರವರ ಹೆಸರಿನ ಪುಟಕ್ಕೆ ಏರಿಸುತ್ತಾರೆ. ಗಿಟ್‌ಲ್ಯಾಬ್ ಬಳಸುತ್ತಿದ್ದ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಮಾಡುವುದೂ ಇದನ್ನೇ. ಯಾವ ಬದಲಾವಣೆಯಾದರೂ ಮೊದಲು ಅದರ ಕಿರ್ದಿಗೆ ಬೀಳುತ್ತದೆ, ನಂತರ ಖಾತೆಗೆ. ಕಂಪನಿಯಲ್ಲಿ ಎರಡು ಡೇಟಾಬೇಸ್ ಸರ್ವರ್‌ಗಳಿದ್ದವು. ಮೊದಲನೆಯದು ಯಜಮಾನ, ಬಳಕೆದಾರರ ಕೆಲಸವೆಲ್ಲ ಅದರ ಮೇಲೆ. ಎರಡನೆಯದು ಮೊದಲನೆಯದರ ಕಿರ್ದಿಯನ್ನು ಸಾಲು ಸಾಲಾಗಿ ತರಿಸಿಕೊಂಡು ತನ್ನ ಖಾತೆಯನ್ನು ಅದಕ್ಕೆ ಸರಿಯಾಗಿ ಇಟ್ಟುಕೊಳ್ಳುವ ಜೋಡಿ. ಮೊದಲನೆಯದು ಕೆಟ್ಟರೆ ಎರಡನೆಯದು ಮುಂದೆ ಬರಬೇಕು.

ಆ ಸಂಜೆ ಸೈಟಿನ ಮೇಲೆ ಹೊರೆ ವಿಪರೀತ ಏರಿತು. ಅದಕ್ಕೆ ಸ್ಪ್ಯಾಮ್ ಹಾವಳಿ ಒಂದು ಕಾರಣವೆಂದು ಕಂಡಿತು. ಹೊರೆ ಹೆಚ್ಚಾದಂತೆ ಎರಡನೆಯ ಸರ್ವರ್ ಹಿಂದೆ ಬಿತ್ತು. ಕಿರ್ದಿಯ ಹಳೆಯ ಪುಟಗಳನ್ನು ಯಜಮಾನ ಸರ್ವರ್ ಶಾಶ್ವತವಾಗಿ ಇಟ್ಟುಕೊಳ್ಳುವುದಿಲ್ಲ, ಸ್ವಲ್ಪ ಹೊತ್ತಾದ ಮೇಲೆ ಹರಿದು ಹಾಕುತ್ತದೆ. ಎರಡನೆಯದು ನಕಲು ಮಾಡಿಕೊಳ್ಳುವ ಮೊದಲೇ ಆ ಪುಟಗಳು ಹೋದವು. ನಡುವಿನ ಪುಟವಿಲ್ಲದೆ ಮುಂದಿನ ಲೆಕ್ಕ ಏರಿಸುವಂತಿಲ್ಲ. ಹಳೆಯ ಪುಟಗಳನ್ನು ಬೇರೆಡೆ ತೆಗೆದಿಡುವ ಏರ್ಪಾಡೂ ಅವರಲ್ಲಿ ಆಗ ಇರಲಿಲ್ಲ. ಉಳಿದ ದಾರಿ ಒಂದೇ: ಎರಡನೆಯ ಸರ್ವರಿನ ಖಾತೆಯನ್ನು ಪೂರ್ತಿ ಅಳಿಸಿ, ಮೊದಲನೆಯದರಿಂದ ಹೊಸದಾಗಿ ನಕಲು ತೆಗೆಯುವುದು.

ಗಮನಿಸಿ, ಇಲ್ಲಿ 'ಅಳಿಸುವುದು' ತಪ್ಪು ಕೆಲಸವಲ್ಲ. ಅದು ಮಾಡಲೇಬೇಕಾದ ಹೆಜ್ಜೆ. ನಕಲು ತೆಗೆಯುವ `pg_basebackup` ಎಂಬ ಉಪಕರಣ ಖಾಲಿ ಫೋಲ್ಡರನ್ನೇ ಕೇಳುತ್ತದೆ. ಎಂಜಿನಿಯರ್ ಎರಡನೆಯ ಸರ್ವರಿನಲ್ಲಿದ್ದದ್ದನ್ನು ಅಳಿಸಿ ನಕಲು ಶುರು ಮಾಡಿದರು. ಮೊದಲು ಒಂದು ಸೆಟ್ಟಿಂಗ್ ಕಡಿಮೆಯಿದೆ ಎಂದು ಉಪಕರಣ ತಕರಾರು ತೆಗೆಯಿತು. ಅದನ್ನು ಏರಿಸಿದರೆ ಡೇಟಾಬೇಸ್ ಮತ್ತೆ ಚಾಲೂ ಆಗಲಿಲ್ಲ, ಇನ್ನೊಂದು ಸೆಟ್ಟಿಂಗ್ ಇಳಿಸಬೇಕಾಯಿತು. ಅದೂ ಸರಿಹೋದ ಮೇಲೆ ಉಪಕರಣ ಏನೂ ಹೇಳದೆ ಸುಮ್ಮನೆ ನಿಂತುಬಿಟ್ಟಿತು. ಪರದೆಯ ಮೇಲೆ ಒಂದಕ್ಷರ ಇಲ್ಲ, ದೋಷವೂ ಇಲ್ಲ, ಪ್ರಗತಿಯೂ ಇಲ್ಲ. ಅದು ಯಜಮಾನ ಸರ್ವರ್ ಡೇಟಾ ಕಳಿಸಲು ಶುರು ಮಾಡಲಿ ಎಂದು ಕಾಯುತ್ತಿತ್ತು, ಹಾಗೆ ಮೌನವಾಗಿ ಕಾಯುವುದು ಅದರ ಸಹಜ ನಡೆ. ಕಂಪನಿಯ ಕೈಪಿಡಿಯಲ್ಲಿ ಈ ಮಾತು ಬರೆದಿರಲಿಲ್ಲ.

ಎಂಜಿನಿಯರ್ ಯೋಚಿಸಿದರು: ಹಿಂದಿನ ವಿಫಲ ಪ್ರಯತ್ನಗಳು ಬಿಟ್ಟುಹೋದ ಫೋಲ್ಡರ್ ಅಡ್ಡ ಬಂದಿರಬೇಕು, ಅದನ್ನು ತೆಗೆದು ಇನ್ನೊಮ್ಮೆ ನೋಡೋಣ. ತರ್ಕ ಸರಿಯಾಗಿಯೇ ಇತ್ತು. ಆದರೆ ಅವರ ಎದುರು ಎರಡು ಸರ್ವರಿನ ಕಿಟಕಿಗಳೂ ತೆರೆದಿದ್ದವು, ಮತ್ತು ಸರ್ವರುಗಳ ಹೆಸರು ಹೀಗಿತ್ತು:

```
db1.cluster.gitlab.com
db2.cluster.gitlab.com
```

ಇಪ್ಪತ್ತೆರಡು ಅಕ್ಷರದಲ್ಲಿ ಒಂದೇ ಒಂದು ಅಂಕಿ ಬೇರೆ. `rm -rf` ಎಂಬ ಕಮಾಂಡ್ ಬಿದ್ದದ್ದು db1 ಮೇಲೆ.

300 ಜಿಬಿ ಅಳಿಯಲು ಒಂದೆರಡು ಸೆಕೆಂಡ್ ಸಾಕಾದದ್ದು ಹೇಗೆ ಎಂದು ಹೊರಗಿನವರು ಕೇಳುತ್ತಾರೆ. ಗ್ರಂಥಾಲಯಕ್ಕೆ ಬೆಂಕಿ ಹಚ್ಚಲು ಹೊತ್ತು ಹಿಡಿಯುತ್ತದೆ, ಆದರೆ ಯಾವ ಪುಸ್ತಕ ಎಲ್ಲಿದೆ ಎನ್ನುವ ಚೀಟಿಗಳ ಡಬ್ಬ ಎತ್ತಿ ಎಸೆಯಲು ಕ್ಷಣ ಸಾಕು. ಫೈಲ್ ಅಳಿಸುವುದೆಂದರೆ ಹೆಚ್ಚುಕಡಿಮೆ ಆ ಚೀಟಿ ಹರಿಯುವುದು. ಡಿಸ್ಕಿನ ಜಾಗ 'ಖಾಲಿ' ಎಂದು ಗುರುತಾಗುತ್ತದೆ, ಡೇಟಾ ಒಂದೊಂದು ಅಕ್ಷರವಾಗಿ ಒರೆಸಿಹೋಗಬೇಕಿಲ್ಲ. ಮರಳಿ ತರುವಾಗ ಮಾತ್ರ ಪ್ರತಿಯೊಂದು ಅಕ್ಷರವನ್ನೂ ಹೊತ್ತು ತರಬೇಕು. ಸಮಯದ ಈ ಅಸಮತೆಯೇ ನಮ್ಮ ವೃತ್ತಿಯ ದೊಡ್ಡ ಭಯ.

ಇನ್ನೊಂದು ಸೂಕ್ಷ್ಮ ಇಲ್ಲಿದೆ, ನನ್ನ ಮಟ್ಟಿಗೆ ಇಡೀ ಪ್ರಕರಣದ ತಿರುಳು ಅದೇ. ಎರಡನೆಯ ಸರ್ವರಿನ ಖಾತೆ ಅಳಿಸಿದ ಕ್ಷಣದಿಂದ ಕಂಪನಿಯ ಬಳಿ ಆ ಹೊತ್ತಿನವರೆಗಿನ ಡೇಟಾ ಇದ್ದದ್ದು ಒಂದೇ ಕಡೆ. ಆ ಹೆಜ್ಜೆ ನಿಯಮದ ಪ್ರಕಾರವೇ ನಡೆದದ್ದು. ಆದರೆ 'ಈಗ ನಮ್ಮ ಕೈಯಲ್ಲಿ ಒಂದೇ ಪ್ರತಿ ಉಳಿದಿದೆ' ಎಂದು ಯಾವ ಪರದೆಯೂ ಎಚ್ಚರಿಸಲಿಲ್ಲ. ಜೋಡಿ ಸರ್ವರ್ ಇದೆ ಎಂಬ ಧೈರ್ಯದಲ್ಲಿ ಇರುವವರು ಇದನ್ನು ತಿಳಿಯಬೇಕು. ಜೋಡಿ ಇರುವುದು ಯಂತ್ರ ಕೆಟ್ಟಾಗ ಅನುಕೂಲಕ್ಕೆ. ಯಾರಾದರೂ ಡೇಟಾಬೇಸಿನೊಳಗೆ ಒಂದು ಪಟ್ಟಿಯನ್ನು ತಪ್ಪಾಗಿ ಅಳಿಸಿದರೆ ಆ ಅಳಿಸುವಿಕೆಯೂ ಕಿರ್ದಿಯ ಒಂದು ಸಾಲಾಗಿ ಜೋಡಿಗೆ ಹೋಗಿ ಅಲ್ಲಿಯೂ ನಿಷ್ಠೆಯಿಂದ ಅಳಿಯುತ್ತದೆ. ಅದನ್ನು ಬ್ಯಾಕಪ್ ಎಂದು ಕರೆಯಲಾಗದು.

ಹಾಗಾದರೆ ನಿಜವಾದ ಬ್ಯಾಕಪ್? ಅದನ್ನು ಹುಡುಕಲು ಹೊರಟಾಗಲೇ ಆ ರಾತ್ರಿಯ ನಿಜವಾದ ಆಘಾತ ಕಾದಿತ್ತು.

ದಿನಕ್ಕೊಮ್ಮೆ ಇಡೀ ಡೇಟಾಬೇಸನ್ನು `pg_dump` ಎಂಬ ಉಪಕರಣದಿಂದ ಇಳಿಸಿ ಅಮೆಜಾನ್‌ನ ಸಂಗ್ರಹದಲ್ಲಿ ಇಡುವ ವ್ಯವಸ್ಥೆ ಇತ್ತು. ಹೋಗಿ ನೋಡಿದರೆ ಅಲ್ಲಿ ಏನೂ ಇಲ್ಲ, ಖಾಲಿ. ಕಾರಣ ಹುಡುಕಿದಾಗ ಸಿಕ್ಕಿದ್ದು ಹೀಗೆ. ಡೇಟಾಬೇಸ್ 9.6ನೇ ಆವೃತ್ತಿಗೆ ಬಂದಿತ್ತು, ಬ್ಯಾಕಪ್ ಉಪಕರಣ ಮಾತ್ರ 9.2ನೇ ಆವೃತ್ತಿಯದು ಓಡುತ್ತಿತ್ತು. ಯಾವ ಆವೃತ್ತಿ ಬೇಕೆಂದು ಅವರ ವ್ಯವಸ್ಥೆ ಡೇಟಾಬೇಸಿನ ಫೋಲ್ಡರ್ ನೋಡಿ ತಿಳಿಯುತ್ತಿತ್ತು. ಆದರೆ ಬ್ಯಾಕಪ್ ಓಡುತ್ತಿದ್ದ ಯಂತ್ರದಲ್ಲಿ ಆ ಫೋಲ್ಡರೇ ಇರಲಿಲ್ಲ, ಹಾಗಾಗಿ ಅದು ಹಳೆಯದನ್ನು ಆರಿಸಿಕೊಳ್ಳುತ್ತಿತ್ತು. ಹಳೆಯ `pg_dump` ಹೊಸ ಡೇಟಾಬೇಸನ್ನು ಮುಟ್ಟುವುದಿಲ್ಲ, ಈ ಸಾಲು ಹೇಳಿ ನಿಲ್ಲುತ್ತದೆ:

```
pg_dump: aborting because of server version mismatch
```

ನಿಲ್ಲುವುದು ಒಳ್ಳೆಯದೇ. ಅರ್ಧಂಬರ್ಧ ಬ್ಯಾಕಪ್‌ಗಿಂತ 'ಆಗಲಿಲ್ಲ' ಎಂಬ ಸ್ಪಷ್ಟ ಮಾತು ಮೇಲು. ಆ ಮಾತನ್ನು ಎಂಜಿನಿಯರ್‌ಗಳಿಗೆ ಮುಟ್ಟಿಸಲು ಇಮೇಲ್ ಕೂಡ ಹೋಗುತ್ತಿತ್ತು. ಆದರೆ ಕಳಿಸುವವರ ಗುರುತನ್ನು ದೃಢಪಡಿಸುವ ಸಹಿ ಆ ಇಮೇಲ್‌ಗಳಿಗೆ ಇರಲಿಲ್ಲ. ಅಂಥ ಸಹಿ ಇಲ್ಲದ ಪತ್ರಗಳನ್ನು ತಿರಸ್ಕರಿಸಬೇಕೆಂದು ಕಂಪನಿಯೇ ನಿಯಮ ಮಾಡಿಕೊಂಡಿತ್ತು, ಹಾಗಾಗಿ ಒಂದೂ ಯಾರ ಪೆಟ್ಟಿಗೆಗೂ ಬೀಳಲಿಲ್ಲ. ಬ್ಯಾಕಪ್ ಕೆಟ್ಟಿತ್ತು, ಕೆಟ್ಟಿದೆ ಎಂದು ಕೂಗುತ್ತಲೂ ಇತ್ತು. ಕೂಗು ಯಾರಿಗೂ ಕೇಳಿಸಲಿಲ್ಲ. ಯಶಸ್ಸಿಗೆ ಸುದ್ದಿ ಬರುವುದಿಲ್ಲ, ಸೋಲಿಗೆ ಮಾತ್ರ ಬರುತ್ತದೆ ಎಂಬ ಏರ್ಪಾಡಿನಲ್ಲಿ ಎಲ್ಲ ಸರಿಯಿದ್ದಾಗಿನ ಮೌನವೂ ಸುದ್ದಿ ಹೊರುವವನೇ ಸತ್ತಾಗಿನ ಮೌನವೂ ಒಂದೇ ಥರ ಇರುತ್ತವೆ.

ಕ್ಲೌಡ್ ಕಂಪನಿ ಕೊಡುವ ಡಿಸ್ಕ್ ಸ್ನ್ಯಾಪ್‌ಶಾಟ್ ಸೌಲಭ್ಯ? ಅದು ಫೈಲ್ ಇಡುವ ಸರ್ವರುಗಳಿಗೆ ಚಾಲೂ ಇತ್ತು, ಡೇಟಾಬೇಸ್ ಸರ್ವರುಗಳಿಗೆ ಇರಲಿಲ್ಲ. ಬೇರೆ ಬ್ಯಾಕಪ್‌ಗಳು ಇವೆಯಲ್ಲ, ಸಾಕು ಎಂದು ನಂಬಿದ್ದರು.

ಕೊನೆಗೆ ಉಳಿದದ್ದು ಸ್ಟೇಜಿಂಗ್, ಅಂದರೆ ಹೊಸ ಬದಲಾವಣೆಗಳನ್ನು ಪರೀಕ್ಷಿಸಲು ಇಟ್ಟುಕೊಂಡ ಪ್ರತ್ಯೇಕ ವ್ಯವಸ್ಥೆ. ಅಲ್ಲಿಗೆ ದಿನಕ್ಕೊಮ್ಮೆ ಪ್ರೊಡಕ್ಷನ್‌ನ ಪ್ರತಿ ಹೋಗುತ್ತಿತ್ತು. ಆ ದಿನ ಅನಾಹುತಕ್ಕೆ ಸುಮಾರು 6 ಗಂಟೆ ಮೊದಲು ಒಂದು ಪ್ರಯೋಗಕ್ಕಾಗಿ ತಾಜಾ ಡೇಟಾ ಬೇಕೆನಿಸಿ ಒಬ್ಬರು ಕೈಯಾರೆ ಇನ್ನೊಂದು ಪ್ರತಿ ತೆಗೆದು ಅಲ್ಲಿ ಹಾಕಿದ್ದರು. ಅವರೇ ಟೀಮ್ ಮೆಂಬರ್ 1. ಆ ಸಂಜೆ ಅವರು ಆ ಪ್ರತಿ ತೆಗೆಯದಿದ್ದರೆ ನಷ್ಟ 6 ಗಂಟೆಯದಲ್ಲ, ಸುಮಾರು ಒಂದು ದಿನದ್ದಾಗುತ್ತಿತ್ತು.

ಈಗ ಮರಳಿ ತರುವ ಸಮಯದ ಮಾತು. ಬ್ಯಾಕಪ್ ಬಗ್ಗೆ ಕೇಳಬೇಕಾದ ಪ್ರಶ್ನೆ ಎರಡು. ಎಷ್ಟು ಹೊತ್ತಿನ ಕೆಲಸ ಕಳೆದುಹೋಗುತ್ತದೆ? ಎಷ್ಟು ಹೊತ್ತು ಅಂಗಡಿ ಮುಚ್ಚಿರುತ್ತದೆ? ಜನ ಮೊದಲನೆಯದನ್ನು ಕೇಳಿ ಸುಮ್ಮನಾಗುತ್ತಾರೆ. ಗಿಟ್‌ಲ್ಯಾಬ್‌ಗೆ ಮೊದಲನೆಯದರ ಉತ್ತರ 6 ಗಂಟೆ, ಎರಡನೆಯದರ ಉತ್ತರ ಅದರ ಮೂರು ಪಟ್ಟು. ಸ್ಟೇಜಿಂಗ್ ಬರೀ ಪರೀಕ್ಷೆಗೆ ಇದ್ದುದರಿಂದ ಅಲ್ಲಿ ಅಗ್ಗದ ಡಿಸ್ಕ್ ಹಾಕಿದ್ದರು, ಅದರ ವೇಗ ಸುಮಾರು 60 ಎಂಬಿಪಿಎಸ್. ಮನೆಯ ಇಂಟರ್‌ನೆಟ್ ಬಿಲ್ಲಿನಲ್ಲಿ ಕಾಣುವ ಎಂಬಿಪಿಎಸ್‌ನಂತೆ ಇದೂ ಬಿಟ್ ಲೆಕ್ಕ. 8ರಿಂದ ಭಾಗಿಸಿದರೆ ಸೆಕೆಂಡಿಗೆ 7.5 ಎಂಬಿ. 300 ಜಿಬಿ ಅಂದರೆ 3 ಲಕ್ಷ ಎಂಬಿ. ಭಾಗಿಸಿದರೆ 40 ಸಾವಿರ ಸೆಕೆಂಡ್, ಹನ್ನೊಂದು ಗಂಟೆ ಚಿಲ್ಲರೆ. ಇದು ಡಿಸ್ಕ್ ಒಂದು ಕ್ಷಣವೂ ಕುಂಟದೆ ಓಡಿದರೆ ಬರುವ ಕಾಗದದ ಲೆಕ್ಕ. ನಡೆದದ್ದು ಸುಮಾರು 18 ಗಂಟೆ. ಜಾಲದಲ್ಲಿ ಅಡಚಣೆ ಇರಲಿಲ್ಲ, ಪ್ರೊಸೆಸರ್ ಸೋಮಾರಿಯಾಗಿ ಕೂತಿತ್ತು. ಎಷ್ಟೇ ಜನ ಎಂಜಿನಿಯರ್‌ಗಳು ಎದ್ದು ಬಂದರೂ ಆ ಡಿಸ್ಕಿನಿಂದ ಡೇಟಾ ಹೊರಬರುವ ವೇಗ ಹೆಚ್ಚಿಸುವಂತಿರಲಿಲ್ಲ. ನೇರಪ್ರಸಾರವನ್ನು ಒಂದು ಹಂತದಲ್ಲಿ ಸುಮಾರು 5 ಸಾವಿರ ಮಂದಿ ನೋಡುತ್ತಿದ್ದರು. ನೋಡಿದ್ದು ಮುಖ್ಯವಾಗಿ ಕಾಯುವುದನ್ನೇ.

ಈ ಲೆಕ್ಕವನ್ನು ಮೊದಲೇ ಮಾಡಬಹುದಿತ್ತಲ್ಲ ಎನ್ನಬಹುದು. ಮಾಡಬಹುದು, ಆದರೆ ಕಾಗದದ ಮೇಲಲ್ಲ. ಮರಳಿ ತಂದೇ ನೋಡಬೇಕು. ಹಿಂದೆ ನಾನು ಕೆಲಸ ಮಾಡುತ್ತಿದ್ದ ಒಂದು ಕಡೆ ಬ್ಯಾಕಪ್ ವರ್ಷಗಟ್ಟಲೆ ತಪ್ಪದೆ ಆಗುತ್ತಿತ್ತು, ಫೈಲ್ ದಿನಾ ಬಂದು ಬೀಳುತ್ತಿತ್ತು. ಒಂದು ಶನಿವಾರ ಖಾಲಿ ಯಂತ್ರವೊಂದರ ಮೇಲೆ ಅದನ್ನು ಮೊದಲ ಬಾರಿಗೆ ರೀಸ್ಟೋರ್ ಮಾಡಿ ನೋಡಿದೆವು. ಶುರುವಾದ ಕೂಡಲೇ ಪರದೆ ಹೇಳಿತು:

```
ERROR:  role "app" does not exist
```

ಡೇಟಾ ಇದೆ, ಅದನ್ನು ಮುಟ್ಟಲು ಅಧಿಕಾರವಿರುವ ಬಳಕೆದಾರನೇ ಇಲ್ಲ. `pg_dump` ಒಂದು ಡೇಟಾಬೇಸನ್ನು ಇಳಿಸುತ್ತದೆ, ಬಳಕೆದಾರರ ಪಟ್ಟಿ ಅದರ ಹೊರಗಿನದು, ಅದನ್ನು ಬೇರೆಯಾಗಿ ಇಳಿಸಬೇಕು. ಇದು ಕೈಪಿಡಿಯಲ್ಲೇ ಇರುವ ಮಾತು, ನಮಗೆ ಅಂದು ಗೊತ್ತಾಯಿತು. ಪಟ್ಟಿಯನ್ನು ಕೈಯಾರೆ ಬರೆದು ಮತ್ತೆ ಶುರು ಮಾಡಿದೆವು. ಸಾಲುಗಳೆಲ್ಲ ಬೇಗ ಬಂದವು, ಮುಗಿಯಿತು ಎಂದುಕೊಂಡು ಕಾಫಿಗೆ ಎದ್ದೆವು. ಮುಗಿದಿರಲಿಲ್ಲ. ಡಂಪ್ ಫೈಲಿನಲ್ಲಿ ಇಂಡೆಕ್ಸ್‌ಗಳು ತಯಾರಾಗಿ ಇರುವುದಿಲ್ಲ, 'ಇಂಥ ಇಂಡೆಕ್ಸ್ ಕಟ್ಟು' ಎಂಬ ಸೂಚನೆ ಮಾತ್ರ ಇರುತ್ತದೆ. ಕೋಟಿಗಟ್ಟಲೆ ಸಾಲುಗಳನ್ನು ಮತ್ತೆ ಜೋಡಿಸಿ ಕಟ್ಟುವ ಆ ಕೆಲಸ ಮಧ್ಯಾಹ್ನದ ಊಟ ದಾಟಿಯೂ ನಡೆಯಿತು. ನಮ್ಮ ಮ್ಯಾನೇಜರ್ ಒಂದು ಹಾಳೆಯ ಮೇಲೆ ಶುರುವಾದ ಹೊತ್ತು, ಮುಗಿದ ಹೊತ್ತು ಬರೆದು ಗೋಡೆಗೆ ಅಂಟಿಸಿದರು. ಅಲ್ಲಿಯವರೆಗೆ 'ಬ್ಯಾಕಪ್ ಇದೆ' ಎನ್ನುತ್ತಿದ್ದ ನಾವು ಅಂದಿನಿಂದ ಆ ಹಾಳೆಯ ಮೇಲಿನ ಗಂಟೆ ಹೇಳುತ್ತಿದ್ದೆವು.

ಮರಳಿ ತಂದದ್ದು ನಿಜವಾಗಿ ಬಂದಿದೆಯೇ ಎಂದು ನೋಡುವುದೂ ಕಷ್ಟವಲ್ಲ. ಫೈಲಿನ ಗಾತ್ರ ನೋಡಿ ಸಮಾಧಾನಪಡಬಾರದು. ದಿನಾ ಹೊಸ ಸಾಲು ಬೀಳುವ ಒಂದು ಪಟ್ಟಿ ಆರಿಸಿಕೊಂಡು, ಮರಳಿ ಬಂದ ಡೇಟಾಬೇಸನ್ನೇ ಕೇಳಬೇಕು:

```
select max(created_at) from comments;
```

ಕಟ್ಟಕಡೆಯ ಸಾಲು ಬರೆದದ್ದು ಯಾವಾಗ ಎಂಬುದೇ ಉತ್ತರ. ಆ ಹೊತ್ತಿನಿಂದ ಅನಾಹುತದ ಹೊತ್ತಿನವರೆಗಿನ ಅಂತರವೇ ಕಳೆದುಹೋದದ್ದು. ಪ್ರತಿದಿನ ರಾತ್ರಿ ಯಂತ್ರವೇ ಒಂದು ಖಾಲಿ ಜಾಗದಲ್ಲಿ ರೀಸ್ಟೋರ್ ಮಾಡಿ, ಈ ಪ್ರಶ್ನೆ ಕೇಳಿ, ಉತ್ತರವನ್ನೂ ಹಿಡಿದ ಸಮಯವನ್ನೂ ಬೆಳಿಗ್ಗೆ ಒಬ್ಬರ ಮುಂದೆ ಇಟ್ಟರೆ, ಸುದ್ದಿ ಬಾರದ ದಿನವೇ ಎಚ್ಚರಿಕೆಯಾಗುತ್ತದೆ. ಕಿರ್ದಿಯ ಪುಟಗಳನ್ನು ಹರಿಯುವ ಮೊದಲು ಬೇರೆಡೆ ಸಾಗಿಸುತ್ತಿದ್ದರಂತೂ ಹಳೆಯ ಖಾತೆಯ ಮೇಲೆ ಅವನ್ನು ಏರಿಸಿ ಅನಾಹುತದ ಹಿಂದಿನ ನಿಮಿಷಕ್ಕೆ ಬಂದು ನಿಲ್ಲಬಹುದು. ಗಿಟ್‌ಲ್ಯಾಬ್ ಇವೆರಡನ್ನೂ ತನ್ನ ಮುಂದಿನ ಕೆಲಸಗಳ ಪಟ್ಟಿಗೆ ಸೇರಿಸಿತು. ಇದಕ್ಕೂ ಮಿತಿ ಇದೆ: ಏರಿಸಬೇಕಾದ ಪುಟಗಳು ಹೆಚ್ಚಿದಷ್ಟೂ ಮರಳಿ ತರುವ ಸಮಯವೂ ಹೆಚ್ಚುತ್ತದೆ. ಆದ್ದರಿಂದ ಪೂರ್ಣ ಪ್ರತಿಯನ್ನೂ ಆಗಾಗ ತೆಗೆಯುತ್ತಲೇ ಇರಬೇಕು.

ಆ ವರದಿ ನನ್ನ ಮನಸ್ಸಿನಲ್ಲಿ ನಿಂತಿರುವುದು ಅದು ಪ್ರಶ್ನೆ ಕೇಳಿದ ರೀತಿಯಿಂದ. ಯಾರು ಮಾಡಿದರು ಎಂದು ಕೇಳುವ ಬದಲು 'ಯಾಕೆ' ಎಂದು ಒಂದರ ಹಿಂದೊಂದು ಕೇಳುತ್ತ ಹೋದರು. ತಪ್ಪು ಹೊರಿಸದೆ ತನಿಖೆ ಮಾಡುವ ಈ ಪದ್ಧತಿ ಅವರು ಹುಟ್ಟಿಸಿದ್ದಲ್ಲ. ಎಟ್ಸಿ ಕಂಪನಿಯ ಜಾನ್ ಆಲ್ಸ್‌ಪಾ 2012ರಲ್ಲೇ ಇದರ ಬಗ್ಗೆ ಬರೆದು ನಮ್ಮ ಕ್ಷೇತ್ರದಲ್ಲಿ ಬಳಕೆಗೆ ತಂದಿದ್ದರು. ಅವರ ವಾದ ಸರಳ: ಶಿಕ್ಷೆಯ ಭಯ ಇದ್ದವರು ನಡೆದದ್ದನ್ನು ಪೂರ್ತಿ ಹೇಳುವುದಿಲ್ಲ, ಪೂರ್ತಿ ತಿಳಿಯದೆ ಸರಿಪಡಿಸಲಾಗುವುದಿಲ್ಲ. ಟೀಮ್ ಮೆಂಬರ್ 1 ಬಾಯಿ ಮುಚ್ಚಿಕೊಂಡಿದ್ದರೆ ಉಪಕರಣ ಮೌನವಾಗಿ ನಿಂತಿತ್ತು, ಫೋಲ್ಡರ್ ಅಡ್ಡಿಯಾಗಿದೆ ಎಂದು ತಾನು ಭಾವಿಸಿದೆ ಎಂಬ ಸಣ್ಣ ಸಂಗತಿಗಳು ಹೊರಬರುತ್ತಲೇ ಇರಲಿಲ್ಲ. ಕೈಪಿಡಿ ಹಾಗೇ ಉಳಿಯುತ್ತಿತ್ತು. ಆ ರಾತ್ರಿಯ ಟಿಪ್ಪಣಿಗಳಲ್ಲೇ ಅವರ ಮಾತು ದಾಖಲಾಗಿದೆ: ಇವತ್ತಿಗೆ ತಾನು ಇನ್ನು ಅಧಿಕಾರವಿರುವ ಯಾವ ಕಮಾಂಡನ್ನೂ ಓಡಿಸದಿರುವುದೇ ಒಳ್ಳೆಯದು, ಮರಳಿ ತರುವ ಕೆಲಸ ಇನ್ನೊಬ್ಬರಿಗೆ ಒಪ್ಪಿಸುತ್ತೇನೆ. ಇಷ್ಟು ಸ್ಪಷ್ಟವಾಗಿ ಹೇಳಲು ಧೈರ್ಯ ಬೇಕು, ಹೇಳಬಹುದಾದ ವಾತಾವರಣವೂ ಬೇಕು.

ಬ್ಯಾಕಪ್ ಏಕೆ ಇರಲಿಲ್ಲ? ಉಪಕರಣ ಸೋಲುತ್ತಿತ್ತು. ಸೋತದ್ದು ಏಕೆ ತಿಳಿಯಲಿಲ್ಲ? ಇಮೇಲ್ ತಲುಪಲಿಲ್ಲ. ಯಾರೂ ಏಕೆ ಪರೀಕ್ಷಿಸಿ ನೋಡಲಿಲ್ಲ? ಬ್ಯಾಕಪ್ ಯಾರ ಹೊಣೆ ಎಂದು ಗೊತ್ತುಮಾಡಿರಲೇ ಇಲ್ಲ. ಅಲ್ಲಿಗೆ ಆ ಸರಪಳಿ ನಿಲ್ಲುತ್ತದೆ. ಹೀಗೆ ಕೇಳುತ್ತ ಹೋದಾಗ db1 ಎಂಬ ಒಂದಂಕಿಯ ತಪ್ಪು ಬಹಳ ಚಿಕ್ಕದಾಗಿ ಕಾಣುತ್ತದೆ. ಸರ್ವರಿನ ಕಿಟಕಿ ಪ್ರೊಡಕ್ಷನ್ ಆದರೆ ಕೆಂಪು, ಸ್ಟೇಜಿಂಗ್ ಆದರೆ ಹಳದಿ ಮಾಡೋಣ ಎಂಬ ಸಲಹೆಯೂ ಪಟ್ಟಿಯಲ್ಲಿತ್ತು, ಒಳ್ಳೆಯದೇ. ಆದರೆ ಆ ರಾತ್ರಿಯ ಎರಡು ಸರ್ವರುಗಳೂ ಪ್ರೊಡಕ್ಷನ್‌ನವೇ, ಎರಡೂ ಕೆಂಪಾಗಿಯೇ ಇರುತ್ತಿದ್ದವು. ನನ್ನನ್ನು ಕೇಳಿದರೆ ಅದಕ್ಕಿಂತ ಮೇಲಾದದ್ದು ಅಳಿಸುವ ಜಾಗದಲ್ಲಿ ಹೆಸರು ಬದಲಿಸುವ ಅಭ್ಯಾಸ:

```
mv data data.old
```

ತಪ್ಪು ಸರ್ವರಿನ ಮೇಲೆ ಓಡಿದರೂ ಮತ್ತೆ ಹೆಸರು ತಿರುಗಿಸಿದರೆ ಮುಗಿಯಿತು. ಡಿಸ್ಕಿನಲ್ಲಿ ಎರಡು ಪ್ರತಿಗೆ ಜಾಗ ಇರಬೇಕು, ಅಷ್ಟೆ ಇದರ ಖರ್ಚು. ಹೊಸ ನಕಲು ಪೂರ್ತಿಯಾಗಿ ಓಡತೊಡಗಿದ ಮೇಲೆ ಹಳೆಯದನ್ನು ಹಗಲಿನಲ್ಲಿ, ಇನ್ನೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ತೆಗೆಯಬಹುದು.

ಆ 6 ಗಂಟೆಗಳ ಅವಧಿಯಲ್ಲಿ ಸುಮಾರು 5 ಸಾವಿರ ಪ್ರಾಜೆಕ್ಟ್‌ಗಳ ದಾಖಲೆ, 5 ಸಾವಿರ ಟಿಪ್ಪಣಿಗಳು, 700 ಹೊಸ ಬಳಕೆದಾರರ ಖಾತೆಗಳು ಮರಳಿ ಬಾರದೆ ಹೋದವು. ಸೈಟ್ ತೆರೆಯುವ ಮೊದಲು ಒಂದು ಕೆಲಸ ಬಾಕಿಯಿತ್ತು. ಪ್ರತಿ ಹೊಸ ಪ್ರಾಜೆಕ್ಟಿಗೆ, ಪ್ರತಿ ಬಳಕೆದಾರರಿಗೆ ಡೇಟಾಬೇಸ್ ಸರದಿಯಲ್ಲಿ ಒಂದು ಸಂಖ್ಯೆ ಕೊಡುತ್ತದೆ. ಹಿಂದಿನ ಸಂಜೆಯ ಪ್ರತಿಯನ್ನು ಹಾಗೆಯೇ ಚಾಲೂ ಮಾಡಿದರೆ, ಕಳೆದುಹೋದ 6 ಗಂಟೆಯಲ್ಲಿ ಒಬ್ಬರಿಗೆ ಕೊಟ್ಟಿದ್ದ ಸಂಖ್ಯೆ ಈಗ ಬೇರೆ ಯಾರಿಗೋ ಹೋಗುತ್ತದೆ. ಹಳೆಯ ಸಂಖ್ಯೆ ಹಿಡಿದಿದ್ದ ಕೊಂಡಿಗಳು, ಬೇರೆ ವ್ಯವಸ್ಥೆಗಳು ಹೊಸಬರ ದಾಖಲೆಗೆ ಹೋಗಿ ಮುಟ್ಟುತ್ತವೆ. ಆದ್ದರಿಂದ ಎಲ್ಲ ಸರದಿಗಳನ್ನೂ ಒಂದು ಲಕ್ಷ ಮುಂದಕ್ಕೆ ಹಾಕಿದರು. ನಡುವಿನ ಸಂಖ್ಯೆಗಳನ್ನು ಯಾರಿಗೂ ಕೊಡದೆ ಬಿಟ್ಟು, ರಾತ್ರಿ 11.44ಕ್ಕೆ ಬಾಗಿಲು ತೆರೆದರು.